ಫೈಲ್ ಸರಿ ಮಾಡಿದರೂ ಮೊತ್ತ ಬದಲಾಗಲಿಲ್ಲ: ಒಂದು ಜುಪಿಟರ್ ಸ್ಕ್ರೀನ್‌ಶಾಟ್ ಓದಿದ ಪ್ರಕರಣ

ಹಿನ್ನೆಲೆ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟ. ಅಲ್ಲಿ ದಿನಾ ಬೆಳಿಗ್ಗೆ ರೈಟರ್ ಮಳೆ ಮಾಪಕ ನೋಡಿ, ಹಿಂದಿನ ದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಮಲೆನಾಡಿನ ತೋಟಗಳಲ್ಲಿ ಇನ್ನೂ ಇಂಚು–ಸೆಂಟ್ ಲೆಕ್ಕವೇ ಜಾಸ್ತಿ. ನೂರು ಸೆಂಟ್ ಸೇರಿದರೆ ಒಂದು ಇಂಚು. "ನಿನ್ನೆ ಮೂವತ್ತು ಸೆಂಟ್ ಬಂತು" ಅಂದರೆ 0.30 ಇಂಚು.

ಆ ಮನೆಯ ಮಗಳು ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಭಾನುವಾರ ನನ್ನ ಹತ್ತಿರ ಪೈಥಾನ್ ಕಲಿಯಲು ಬರುತ್ತಾಳೆ. ಕಾಲೇಜಿನ ಪ್ರಾಜೆಕ್ಟ್‌ಗೆ ಅವಳು ಆರಿಸಿಕೊಂಡಿದ್ದು ಮನೆಯ ಆ ಮಳೆ ಪುಸ್ತಕವನ್ನೇ. ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಮಳೆಯನ್ನು ಮಿಲಿಮೀಟರ್‌ಗೆ ಬದಲಿಸಿ ಒಟ್ಟು ಎಷ್ಟು ಅಂತ ನೋಡಬೇಕಿತ್ತು. ಜೊತೆಗೆ, ಒಂದು ಇಂಚು ಅಥವಾ ಅದಕ್ಕಿಂತ ಹೆಚ್ಚು ಮಳೆ ಬಿದ್ದ ದಿನಗಳು ಎಷ್ಟು ಅಂತ ಎಣಿಸಬೇಕಿತ್ತು. ಕಾಫಿ ಹೂ ಅರಳುವುದಕ್ಕೆ ಆ ಹೊತ್ತಿನ ಒಂದು ಒಳ್ಳೆಯ ಮಳೆ ಎಷ್ಟು ಮುಖ್ಯ ಅಂತ ತೋಟದವರಿಗೆ ಹೇಳಬೇಕಾಗಿಲ್ಲ. ಹೂಮಳೆ ಅಂತಲೇ ಅದಕ್ಕೆ ಹೆಸರು.

ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನೂ ಮಳೆಯ ಅಂಕಿಗಳನ್ನೂ ಬದಲಿಸಿದ್ದೇನೆ. ತಪ್ಪು ಆದ ರೀತಿ ಮಾತ್ರ ಇದ್ದ ಹಾಗೇ ಇದೆ.

ಸಮಸ್ಯೆ

ಎರಡು ತಿಂಗಳಲ್ಲಿ ಮಳೆ ಬಂದಿದ್ದು ಏಳು ದಿನ: 0.30, 1.10, 0.05, 0.85, 1.35, 0.40, 0.15 ಇಂಚು. ಪುಸ್ತಕದ ಮೊತ್ತ 4 ಇಂಚು 20 ಸೆಂಟ್. 25.4ರಿಂದ ಗುಣಿಸಿದರೆ 106.68 ಮಿಲಿಮೀಟರ್. ಆದರೆ ಕೋಡನ್ನು ಸೆಲ್ ಅನ್ನುವ ತುಂಡುಗಳಲ್ಲಿ ಬರೆದು ರನ್ ಮಾಡುವ ಅವಳ ಜುಪಿಟರ್ ನೋಟ್‌ಬುಕ್ 118.11 ಅಂತ ತೋರಿಸುತ್ತಿತ್ತು.

ಅವಳು ಕೂತು ಸಾಲು ಸಾಲಾಗಿ ನೋಡಿದಳು. ಏಪ್ರಿಲ್ 4ರ ಮಳೆ ಐದು ಸೆಂಟ್. ಅದನ್ನು 0.05 ಅಂತ ಹಾಕುವ ಬದಲು 0.5 ಅಂತ ಟೈಪ್ ಮಾಡಿದ್ದಳು. ಐದು ಸೆಂಟ್ ಐವತ್ತು ಸೆಂಟ್ ಆಗಿತ್ತು. ಸರಿ ಮಾಡಿ, ಫೈಲ್ ಸೇವ್ ಮಾಡಿ, ಮತ್ತೆ ರನ್ ಮಾಡಿದಳು. ಮತ್ತೆ 118.11.

ಫೈಲ್ ಸೇವ್ ಆಗಿಲ್ಲ ಅಂತ ಅನುಮಾನ ಬಂತು. ಮತ್ತೆರಡು ಸಲ ಸೇವ್ ಮಾಡಿದಳು. ಫೈಲ್ ಮುಚ್ಚಿ ತೆರೆದು ನೋಡಿದಳು, 0.05 ಅಂತಲೇ ಇದೆ. ಹೀಗೆ ಒಂದು ಗಂಟೆ ಹೋಯಿತು. ಅಷ್ಟರಲ್ಲಿ ಅವಳ ತಂದೆ, ಕಂಪ್ಯೂಟರ್ ಎರಡೆರಡು ಸಲ ಹೇಳುತ್ತಿದೆ ಅಂದರೆ ಪುಸ್ತಕದಲ್ಲೇ ಎಲ್ಲೋ ಒಂದು ದಿನ ಬಿಟ್ಟುಹೋಗಿರಬೇಕು ಅಂದುಕೊಂಡರು. ಪುಟದ ಕೆಳಗೆ ಮೊತ್ತದ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಗುರುತು ಹಾಕಿ, ರೈಟರ್‌ನ ಕೇಳಬೇಕು ಅಂತಿದ್ದರು. ಸರಿಯಾಗಿದ್ದ ಪುಸ್ತಕದ ಮೇಲೆ ಅನುಮಾನ ಬಂತಲ್ಲ, ಇದೇ ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಗಂಭೀರ ಅನಿಸಿದ್ದು.

ಆಗ ನನಗೆ ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್ ಬಂತು.

ಮೊದಲ ಚಿತ್ರ, ಎರಡನೇ ಚಿತ್ರ

ಮೊದಲು ಬಂದ ಚಿತ್ರದಲ್ಲಿ ಕೋಡ್ ಇತ್ತು, ಉತ್ತರ ಇತ್ತು, ಎಡಗಡೆಯ ಅಂಚು ಇರಲಿಲ್ಲ. ಅಂದವಾಗಿ ಕಾಣಲಿ ಅಂತ ಕ್ರಾಪ್ ಮಾಡಿದ್ದಳು. ಕೋಡ್ ಓದಿದೆ. ತಪ್ಪೇ ಇಲ್ಲ. ಮೇಲಿಂದ ಕೆಳಕ್ಕೆ ಓದುತ್ತಾ ಹೋದರೆ ಸರಿಯಾದ ಉತ್ತರ ಬರಲೇಬೇಕು.

"ಎಡಗಡೆ ನಂಬರ್‌ಗಳು ಕಾಣೋ ಹಾಗೆ ಇನ್ನೊಂದು ಕಳಿಸು. ಏನೂ ರನ್ ಮಾಡಬೇಡ, ಇರೋದು ಇರೋ ಹಾಗೇ ಇರಲಿ" ಅಂತ ಬರೆದೆ.

"ಸರ್, ಅದು ಸುಮ್ನೆ ಸೆಲ್ ನಂಬರ್ ಅಲ್ವಾ?" ಅಂತ ಕೇಳಿದಳು.

ಅಲ್ಲ. ತುಂಬಾ ಜನ ಹಾಗೇ ಅಂದುಕೊಂಡಿರುತ್ತಾರೆ. ಆ ಸಂಖ್ಯೆ ಸೆಲ್ ಪುಟದಲ್ಲಿ ಎಷ್ಟನೆಯದು ಅಂತ ಹೇಳುವುದಿಲ್ಲ. ಕರ್ನಲ್, ಅಂದರೆ ನೋಟ್‌ಬುಕ್‌ನ ಹಿಂದೆ ಕೂತು ಕೋಡ್ ಓಡಿಸುವ ಪೈಥಾನ್, ಶುರುವಾದ ಮೇಲೆ ನಡೆದ ಎಷ್ಟನೇ ರನ್ ಅದು ಅಂತ ಹೇಳುತ್ತದೆ. ಯಾವ ಸೆಲ್ ರನ್ ಮಾಡಿದರೂ ಎಣಿಕೆ ಒಂದು ಮುಂದೆ ಹೋಗುತ್ತದೆ, ಎರರ್ ಬಂದರೂ ಹೋಗುತ್ತದೆ. ಅದೇ ಸೆಲ್ಲನ್ನು ಮತ್ತೆ ರನ್ ಮಾಡಿದರೆ ಹಳೆಯ ಸಂಖ್ಯೆ ಅಳಿಸಿ ಹೊಸದು ಕೂರುತ್ತದೆ.

ಎರಡನೇ ಚಿತ್ರದಲ್ಲಿ ಇದ್ದದ್ದು ಇದು:

```
In [1]:  import pandas as pd

In [14]: male = pd.read_csv("male.csv")
         len(male)
Out[14]: 61

In [3]:  male["mm"] = male["inch"] * 25.4

In [12]: hoo = male[male["mm"] >= miti]
         len(hoo)
Out[12]: 3

In [13]: ottu = round(male["mm"].sum(), 2)

In [15]: print(ottu)
         118.11
```

ಇದು ಹಳೆಯ ನೋಟ್‌ಬುಕ್ ನೋಟ. ಜುಪಿಟರ್‌ಲ್ಯಾಬ್‌ನಲ್ಲಿ `In` ಅನ್ನುವ ಪದ ಇರುವುದಿಲ್ಲ, `[14]:` ಅಂತ ಮಾತ್ರ ಕಾಣುತ್ತದೆ. ಓದುವ ರೀತಿ ಒಂದೇ.

ಸಂಖ್ಯೆ ಹಿಡಿದು ಓದಿದಾಗ

ಒಂದು ಹಾಳೆ ತೆಗೆದುಕೊಂಡು ಸೆಲ್‌ಗಳನ್ನು ಸಂಖ್ಯೆಯ ಕ್ರಮದಲ್ಲಿ ಬರೆದೆ: 1, 3, 12, 13, 14, 15. ಪುಟದ ಕ್ರಮವನ್ನು ಮರೆತು, ಇದೇ ಕ್ರಮದಲ್ಲಿ ಕಥೆ ಓದಿದೆ. ಪ್ರತಿ ಸೆಲ್‌ಗೂ ಎರಡೇ ಪ್ರಶ್ನೆ: ಇದು ಯಾವ ಹೆಸರನ್ನು ಬಳಸುತ್ತಿದೆ? ಆ ಹೆಸರಿಗೆ ಇದಕ್ಕಿಂತ ಮುಂಚೆ ಕೊನೆಯದಾಗಿ ಬೆಲೆ ಕೊಟ್ಟವರು ಯಾರು?

15ನೇ ರನ್ `ottu` ತೋರಿಸಿತು. `ottu`ಗೆ ಬೆಲೆ ಬಂದಿದ್ದು 13ರಲ್ಲಿ. ಫೈಲನ್ನು ಮತ್ತೆ ಓದಿದ್ದು 14ರಲ್ಲಿ. ಅಂದರೆ ಮೊತ್ತ ಹಾಕಿದ ಮೇಲೆ ಹೊಸ ಫೈಲ್ ಬಂದಿದೆ. ಆಮೇಲೆ ಮೊತ್ತ ಹಾಕಿಯೇ ಇಲ್ಲ, ಹಳೆಯ ಮೊತ್ತವನ್ನು ಮತ್ತೊಮ್ಮೆ ತೋರಿಸಿದೆ ಅಷ್ಟೆ. ರನ್ ಹೊಸದು, ಸಂಖ್ಯೆ ಹಳೆಯದು.

ಅವಳು ಇದಕ್ಕೆ ಮುಂಚೆ ಎಕ್ಸೆಲ್‌ನಲ್ಲಿ ಕೆಲಸ ಮಾಡಿದವಳು. ಅಲ್ಲಿ ಒಂದು ಸೆಲ್‌ನ ಅಂಕಿ ತಿದ್ದಿದರೆ ಕೆಳಗಿನ ಮೊತ್ತ ತಾನಾಗೇ ಬದಲಾಗುತ್ತದೆ. ಪೈಥಾನ್‌ನಲ್ಲಿ `ottu` ಸೂತ್ರ ಅಲ್ಲ. ಆ ಸಾಲು ರನ್ ಆದ ಹೊತ್ತಿನಲ್ಲಿ ಬಂದ ಉತ್ತರವನ್ನು ಹಿಡಿದಿಟ್ಟುಕೊಂಡಿರುತ್ತದೆ. `male` ಆಮೇಲೆ ಏನಾಯಿತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಸೆಲ್ ಅನ್ನುವ ಒಂದೇ ಪದ ಎರಡೂ ಕಡೆ ಇರುವುದರಿಂದ ಈ ಗೊಂದಲ ಇನ್ನೂ ಸುಲಭವಾಗಿ ಆಗುತ್ತದೆ.

ಅಂಕಿಯೂ ಇದನ್ನೇ ಹೇಳುತ್ತಿತ್ತು. 118.11ರಲ್ಲಿ 106.68 ಕಳೆದರೆ 11.43. ಅದನ್ನು 25.4ರಿಂದ ಭಾಗಿಸಿದರೆ ಸರಿಯಾಗಿ 0.45 ಇಂಚು. ಅವಳು ತಿದ್ದಿದ್ದೂ 0.5ರಿಂದ 0.05ಕ್ಕೆ, ಅಂದರೆ ಅದೇ 0.45. ತೋಟದ ಪುಸ್ತಕದಲ್ಲಿ ಬೇರೆ ಒಂದು ದಿನ ಬಿಟ್ಟುಹೋಗಿದ್ದರೆ ವ್ಯತ್ಯಾಸ ಇಷ್ಟು ಸರಿಯಾಗಿ ಅವಳ ತಿದ್ದುಪಡಿಗೆ ಸಮ ಬರುವುದು ಕಷ್ಟ. "ಪುಸ್ತಕ ಮುಟ್ಟಬೇಡಿ ಅಂತ ಅಪ್ಪನಿಗೆ ಹೇಳು" ಅಂತ ಮೊದಲು ಅದನ್ನೇ ಬರೆದೆ.

`Out[14]: 61` ಅವಳಿಗೆ ಧೈರ್ಯ ಕೊಟ್ಟಿತ್ತು. ಫೈಲ್ ಓದಿದೆ, 61 ದಿನ ಬಂದಿದೆ ಅಂತ. ಆದರೆ ಮಾರ್ಚ್‌ಗೆ 31, ಏಪ್ರಿಲ್‌ಗೆ 30 ಸಾಲು. ತಪ್ಪು ಇದ್ದಾಗಲೂ 61, ಸರಿ ಮಾಡಿದ ಮೇಲೂ 61. ಆ ಉತ್ತರ ನಮ್ಮ ಪ್ರಶ್ನೆಗೆ ಸಂಬಂಧಪಟ್ಟದ್ದೇ ಅಲ್ಲ.

ರನ್ ಮಾಡಿಸುವ ಮುಂಚೆ ಒಂದು ಊಹೆ

ಎಲ್ಲವನ್ನೂ ಮತ್ತೆ ರನ್ ಮಾಡು ಅಂತ ಹೇಳಿಬಿಡಬಹುದಿತ್ತು. ಆದರೆ ನನ್ನ ಓದು ಸರಿ ಇದೆಯಾ ಅಂತ ತಿಳಿಯಬೇಕಿತ್ತು. ಚಿತ್ರ ನೋಡಿ ಹೇಳಿದ್ದು ಊಹೆಯೇ. ಊಹೆ ತಪ್ಪಾಗಿದ್ದರೆ ಬೀಳುವಂಥ ಒಂದು ಪರೀಕ್ಷೆ ಬೇಕು.

ಆ ಪರೀಕ್ಷೆ ಚಿತ್ರದಲ್ಲೇ ಇತ್ತು. `mm` ಅನ್ನುವ ಕಾಲಂ ಸೇರಿಸಿದ್ದು 3ನೇ ರನ್. 14ರಲ್ಲಿ `male` ಪೂರ್ತಿ ಹೊಸದಾಗಿ ಫೈಲ್‌ನಿಂದ ಬಂದಿದೆ. ಫೈಲ್‌ನಲ್ಲಿ ದಿನ ಮತ್ತು ಇಂಚು ಮಾತ್ರ ಇವೆ. ಹಾಗಾದರೆ ಈಗಿನ `male`ನಲ್ಲಿ `mm` ಇರಲೇಬಾರದು. ಪರದೆ ಮೇಲೆ ಮಾತ್ರ, ಇದೆ ಅನ್ನುವ ಹಾಗೆ ಮೂರು ಸೆಲ್‌ಗಳು ಕೂತಿವೆ.

"ಕೆಳಗೆ ಎರಡು ಹೊಸ ಸೆಲ್ ಹಾಕಿ ಇದನ್ನು ರನ್ ಮಾಡು. `mm` ಬರಲ್ಲ, ಆದರೆ 0.05 ಬರುತ್ತೆ ನೋಡು" ಅಂದೆ.

```
list(male.columns)

print(male.loc[34, "inch"])
```

ಮಾರ್ಚ್‌ನ 31 ಸಾಲುಗಳಿಗೆ 0ಯಿಂದ 30, ಏಪ್ರಿಲ್ 1ಕ್ಕೆ 31. ಹಾಗಾಗಿ ಏಪ್ರಿಲ್ 4 ಅಂದರೆ 34ನೇ ಸಾಲು. 16ನೇ ರನ್‌ನಲ್ಲಿ `['dina', 'inch']` ಬಂತು. 17ರಲ್ಲಿ 0.05 ಬಂತು. ಫೈಲ್ ಸೇವ್ ಆಗಿತ್ತು, ಓದಿದ್ದೂ ಸರಿ ಇತ್ತು. ಅವಳ ಒಂದು ಗಂಟೆ ಹೋದ ಜಾಗದಲ್ಲಿ ತಪ್ಪೇ ಇರಲಿಲ್ಲ.

ಯಾಕೆ ಹೀಗಾಯಿತು ಅಂತ ಕೇಳಿದಾಗ ಅವಳೇ ನೆನಪಿಸಿಕೊಂಡಳು. ಫೈಲ್ ಓದುವ ಸೆಲ್‌ನಲ್ಲಿ ಶಿಫ್ಟ್ ಎಂಟರ್ ಒತ್ತಿದಳು. ಕರ್ಸರ್ ಮುಂದಿನ ಸೆಲ್‌ಗೆ ಹೋಯಿತು. ಮಧ್ಯದ ಸೆಲ್‌ಗಳಲ್ಲಿ ಏನೂ ತಿದ್ದಿರಲಿಲ್ಲ, ಅದಕ್ಕೇ ಅವು ಬೇಡ ಅಂತ ಮೌಸ್‌ನಿಂದ ನೇರ ಕೊನೆಯ ಸೆಲ್‌ಗೆ ಹೋಗಿ ಒತ್ತಿದಳು. ತಿದ್ದಿದ್ದನ್ನು ಮಾತ್ರ ರನ್ ಮಾಡಿದರೆ ಸಾಕು ಅನ್ನುವುದು ಸಹಜವಾದ ಯೋಚನೆ. ಆದರೆ ಇಲ್ಲಿ ತಿದ್ದಿದ್ದಕ್ಕೂ ತೋರಿಸಿದ್ದಕ್ಕೂ ಮಧ್ಯೆ ಎರಡು ಮೆಟ್ಟಿಲು ಇತ್ತು.

ಅರ್ಧ ಸರಿಯಾಯಿತು

ಫೈಲ್ ಓದುವ ಸೆಲ್‌ನ ಕೆಳಗಿನ ನಾಲ್ಕು ಸೆಲ್‌ಗಳನ್ನು ಕ್ರಮವಾಗಿ ರನ್ ಮಾಡಿಸಿದೆ. ಮಿಲಿಮೀಟರ್ ಕಾಲಂ 18, ಹೂಮಳೆ ದಿನ 19, ಮೊತ್ತ 20, ತೋರಿಸುವುದು 21. ಕೊನೆಯಲ್ಲಿ 106.68 ಬಂತು. ಅವಳು ಖುಷಿಯಿಂದ ವಾಯ್ಸ್ ಮೆಸೇಜ್ ಕಳಿಸಿದಳು.

ಒಂದು ನಿಮಿಷ ಬಿಟ್ಟು ಇನ್ನೊಂದು ಬಂತು. "ಸರ್, ಒಂದು ಇಂಚು ದಾಟಿದ ದಿನ ಮಾತ್ರ ಇನ್ನೂ 3 ಅಂತಲೇ ತೋರಿಸ್ತಿದೆ. ಅಪ್ಪ ಎರಡೇ ಅಂತಿದ್ದಾರೆ."

ಅವರ ಮಾತು ಸರಿ. 1.10 ಮತ್ತು 1.35, ಎರಡೇ ದಿನ. ಈಗ ಕ್ರಮ ಸರಿ ಇದೆ, ಫೈಲ್ ಹೊಸದು, ಆದರೂ ಎಣಿಕೆ ತಪ್ಪು.

ನಾನು ಮತ್ತೆ ಎರಡನೇ ಚಿತ್ರ ತೆಗೆದು ನೋಡಿದೆ. ಮೊದಲ ಸಲ ನೋಡಿದಾಗ ಮೊತ್ತದ ಜಾಡು ಹಿಡಿದಿದ್ದೆ. `hoo` ಸಾಲಿಗೆ ನನ್ನದೇ ಎರಡು ಪ್ರಶ್ನೆ ಕೇಳಿರಲಿಲ್ಲ. ಅದು `male` ಬಳಸುತ್ತದೆ, `miti` ಬಳಸುತ್ತದೆ. `miti`ಗೆ ಬೆಲೆ ಕೊಟ್ಟ ಸೆಲ್ ಎಲ್ಲಿದೆ? ಪರದೆ ಮೇಲೆ ಎಲ್ಲೂ ಇಲ್ಲ.

ಚಿತ್ರದಲ್ಲಿ ಇಲ್ಲದ ಸಂಖ್ಯೆಗಳು 2, ಮತ್ತೆ 4ರಿಂದ 11. ಇವು ನಡೆದು ಈಗ ಕಾಣದ ರನ್‌ಗಳು. ಕೆಲವು ಅದೇ ಸೆಲ್‌ಗಳ ಹಳೆಯ ರನ್ ಇರಬಹುದು. ಕೆಲವು ಅಳಿಸಿದ ಸೆಲ್‌ಗಳು ಇರಬಹುದು. ಸೆಲ್ ಅಳಿಸಿದರೆ ಪುಟದಿಂದ ಹೋಗುತ್ತದೆ. ಅದು ಕೊಟ್ಟ ಬೆಲೆ ಕರ್ನಲ್‌ನ ನೆನಪಿನಲ್ಲಿ ಹಾಗೇ ಉಳಿಯುತ್ತದೆ. ಸಂಖ್ಯೆ ಬಿಟ್ಟುಹೋಗಿದೆ ಅಂದ ಮಾತ್ರಕ್ಕೆ ತಪ್ಪು ಅಂತಲ್ಲ, ಎಲ್ಲರ ನೋಟ್‌ಬುಕ್‌ನಲ್ಲೂ ಬಿಟ್ಟುಹೋಗಿರುತ್ತದೆ. ಬಿಟ್ಟುಹೋದ ಸಂಖ್ಯೆಯ ಜೊತೆಗೆ, ಎಲ್ಲಿಂದ ಬಂತು ಅಂತ ಗೊತ್ತಾಗದ ಹೆಸರೂ ಇದ್ದರೆ ಅಲ್ಲಿ ನಿಲ್ಲಬೇಕು.

"`miti` ಎಷ್ಟು ಕೊಟ್ಟಿದ್ದೆ?"

"25.4 ಸರ್. ಒಂದು ಇಂಚು."

ಅವಳು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಕೊಟ್ಟಿದ್ದಳು. ಅಷ್ಟರಲ್ಲಿ ಅವಳ ಗೆಳತಿ ಪಕ್ಕದಿಂದ ಕರ್ನಲ್ ರೀಸ್ಟಾರ್ಟ್ ಮಾಡು, ಎಲ್ಲಾ ಸರಿ ಹೋಗುತ್ತೆ ಅಂತಿದ್ದಳು. ತಡೆದೆ. ಇಡೀ ಪ್ರಕರಣದಲ್ಲಿ ನಾನು ತೆಗೆದುಕೊಂಡ ನಿರ್ಧಾರಗಳಲ್ಲಿ ಇದು ಮುಖ್ಯ ಅಂತ ಈಗಲೂ ಅನಿಸುತ್ತದೆ.

ರೀಸ್ಟಾರ್ಟ್ ಮಾಡಿ ಎಲ್ಲಾ ರನ್ ಮಾಡಿದ್ದರೆ `NameError: name 'miti' is not defined` ಬರುತ್ತಿತ್ತು. ಅವಳು `miti = 25.4` ಅಂತ ಸೇರಿಸುತ್ತಿದ್ದಳು. ಉತ್ತರ 2 ಬರುತ್ತಿತ್ತು, ಎಲ್ಲರೂ ಮಲಗುತ್ತಿದ್ದೆವು. ಆದರೆ 3 ಎಲ್ಲಿಂದ ಬಂತು ಅಂತ ಗೊತ್ತಾಗುತ್ತಿರಲಿಲ್ಲ. ಆ 3 ಆಗಲೇ ಪ್ರಾಜೆಕ್ಟ್‌ನ ಕರಡಿಗೆ ಹೋಗಿತ್ತು, ಜೊತೆಗೆ ಆ ಮೂರು ದಿನಗಳ ತಾರೀಕುಗಳೂ ಹೋಗಿದ್ದವು. ಕರಡಿನಲ್ಲಿ ಏನೇನು ತಿದ್ದಬೇಕು ಅಂತ ತಿಳಿಯಲು ಕಾರಣ ಬೇಕಿತ್ತು.

ಕರ್ನಲ್ ಜೀವಂತ ಇರುವವರೆಗೆ, ಅದರೊಳಗೆ ರನ್ ಆದ ಪ್ರತಿ ಕೋಡ್ `In` ಅನ್ನುವ ಪಟ್ಟಿಯಲ್ಲಿ ಇರುತ್ತದೆ. ಪುಟದಿಂದ ಅಳಿಸಿದ ಸೆಲ್‌ನ ಕೋಡ್ ಕೂಡ. ಸಂಖ್ಯೆಯೂ ಅದೇ: `In[4]` ಅಂದರೆ 4ನೇ ರನ್‌ನ ಕೋಡ್. 22ನೇ ರನ್ ಹೀಗಿತ್ತು:

```
for n in range(2, 12):
    print(n, In[n])
```

ಬಂದ ಸಾಲುಗಳಲ್ಲಿ ನಮಗೆ ಬೇಕಾದ್ದು ಎರಡು:

```
4 miti = 25.4
8 miti = 20
```

ನೋಡಿದ ತಕ್ಷಣ ಅವಳಿಗೆ ನೆನಪಾಯಿತು. ಮಿತಿ ಸ್ವಲ್ಪ ಕಡಿಮೆ ಮಾಡಿದರೆ ಎಷ್ಟು ದಿನ ಆಗುತ್ತೆ ಅಂತ ನೋಡಲು 20 ಹಾಕಿದ್ದಳು. 0.85 ಇಂಚು ಅಂದರೆ 21.59 ಮಿಲಿಮೀಟರ್. 25.4ಕ್ಕೆ ಸಿಗದ ಆ ದಿನ 20ಕ್ಕೆ ಸಿಕ್ಕಿತ್ತು, ಹಾಗೆ ಮೂರು ಆಗಿತ್ತು. ಪರೀಕ್ಷೆ ಮುಗಿಯಿತು, ಇನ್ನು ಬೇಡ ಅಂತ ಸೆಲ್ ಅಳಿಸಿದಳು. ಸೆಲ್ ಹೋದರೆ 20 ಕೂಡ ಹೋಗಿ 25.4 ವಾಪಸ್ ಬರುತ್ತದೆ ಅಂತ ಅವಳ ಎಣಿಕೆ. ಅದು ಒಂದೇ ಸೆಲ್ ಆಗಿತ್ತು. ಮೊದಲು 25.4 ಅಂತ ಬರೆದು ರನ್ ಮಾಡಿದ್ದು, ಆಮೇಲೆ ಅದನ್ನೇ 20 ಅಂತ ತಿದ್ದಿ ರನ್ ಮಾಡಿದ್ದು. ಅದನ್ನೇ ಅಳಿಸಿದ್ದರಿಂದ ಎರಡರ ಗುರುತೂ ಪುಟದಲ್ಲಿ ಉಳಿಯಲಿಲ್ಲ.

ಹೀಗೆ 8ರ ನಂತರದ ಎಲ್ಲಾ ಹೂಮಳೆ ಲೆಕ್ಕ 20ರ ಮಿತಿಯದ್ದು ಅಂತ ಖಚಿತವಾಯಿತು. ಕರಡಿನಲ್ಲಿ ಬರೆದ 3 ಅದೇ. 0.85 ಇಂಚಿನ ದಿನದ ತಾರೀಕನ್ನು ಅಲ್ಲಿಂದ ತೆಗೆದಳು.

ಇಷ್ಟಾದ ಮೇಲೆ ರೀಸ್ಟಾರ್ಟ್. `miti = 25.4` ಸೆಲ್ಲನ್ನು ಇಂಪೋರ್ಟ್‌ನ ಕೆಳಗೇ ಹಾಕಿಸಿದೆ, ಪರೀಕ್ಷೆಗೆ ಹಾಕಿದ ಸೆಲ್‌ಗಳನ್ನು ತೆಗೆಸಿದೆ. ಮೆನುವಿನಲ್ಲಿ ಕರ್ನಲ್ ರೀಸ್ಟಾರ್ಟ್ ಮಾಡಿ ಎಲ್ಲಾ ಸೆಲ್ ರನ್ ಮಾಡುವ ಆಯ್ಕೆ ಇದೆಯಲ್ಲ, ಅದನ್ನು ಒತ್ತಿದಳು. ಎಡಗಡೆ 1ರಿಂದ 7ರವರೆಗೆ ಕ್ರಮವಾಗಿ ಬಂತು. ಹೂಮಳೆ ದಿನ 2, ಮೊತ್ತ 106.68.

ಚಿತ್ರ ಹೇಳುವುದು, ಹೇಳದಿರುವುದು

ಈ ಪ್ರಕರಣದ ನಂತರ ನನ್ನ ಹತ್ತಿರ ಬರುವವರಿಗೆ ಎಡ ಅಂಚು ಇಲ್ಲದ ಸ್ಕ್ರೀನ್‌ಶಾಟ್ ಕಳಿಸಬೇಡಿ ಅಂತ ಹೇಳುತ್ತೇನೆ. ಮತ್ತೆ ಅದನ್ನು ಓದುವಾಗ ಕೆಲವು ಕಡೆ ನಾನೇ ಹುಷಾರಾಗಿದ್ದೇನೆ.

ಒಂದು, ಸೆಲ್‌ನ ಒಳಗೆ ಈಗ ಕಾಣುವ ಕೋಡೇ ಆ ಸಂಖ್ಯೆಯ ರನ್‌ನಲ್ಲಿ ಓಡಿದ್ದು ಅಂತ ನಂಬುವ ಹಾಗಿಲ್ಲ. ರನ್ ಮಾಡಿದ ಮೇಲೆ ಕೋಡ್ ತಿದ್ದಿ ಸುಮ್ಮನೆ ಬಿಟ್ಟರೆ ಹಳೆಯ ಸಂಖ್ಯೆ, ಹಳೆಯ ಉತ್ತರ, ಹೊಸ ಕೋಡ್ ಒಟ್ಟಿಗೆ ಕೂತಿರುತ್ತವೆ. ಅವಳ ಮಿತಿ ಸೆಲ್ 25.4ರಿಂದ 20ಕ್ಕೆ ತಿದ್ದಿದಾಗ, ರನ್ ಒತ್ತುವ ಮುಂಚಿನ ಒಂದು ಕ್ಷಣ ಚಿತ್ರ ತೆಗೆದಿದ್ದರೆ `In [4]` ಪಕ್ಕ 20 ಕಾಣುತ್ತಿತ್ತು. ಕೋಡ್‌ಗೂ ಉತ್ತರಕ್ಕೂ ಲೆಕ್ಕ ತಾಳೆಯಾಗದಿದ್ದರೆ ನಾನು ಮೊದಲು ಅನುಮಾನ ಪಡುವುದು ಇದನ್ನೇ.

ಇನ್ನೊಂದು, ಎಲ್ಲಾ ಸಂಖ್ಯೆಗಳೂ ಒಂದೇ ಕರ್ನಲ್‌ನವು ಅಂತ ಹೇಳಲು ಆಗುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ನೆನಪು ಖಾಲಿಯಾಗಿ ಎಣಿಕೆ 1ರಿಂದ ಶುರುವಾಗುತ್ತದೆ, ಆದರೆ ಪುಟದ ಮೇಲಿನ ಹಳೆಯ ಸಂಖ್ಯೆ, ಉತ್ತರಗಳು ಹಾಗೇ ಉಳಿದಿರಬಹುದು. ನಿನ್ನೆ ಸೇವ್ ಮಾಡಿದ ನೋಟ್‌ಬುಕ್ ಇವತ್ತು ತೆರೆದಾಗಲೂ ಅಷ್ಟೆ. ಎರಡು ಸೆಲ್‌ಗಳ ಮೇಲೆ `[3]` ಅಂತ ಒಂದೇ ಸಂಖ್ಯೆ ಕಂಡರೆ ಮಧ್ಯೆ ರೀಸ್ಟಾರ್ಟ್ ಆಗಿದೆ ಅಂತ ಅರ್ಥ. ಅಥವಾ ರನ್ ಆದ ಸೆಲ್ಲನ್ನು ಕಾಪಿ ಮಾಡಿ ಅಂಟಿಸಿರಬಹುದು. ಅಂಥ ಚಿತ್ರವನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ಓದಲು ಹೋದರೆ ದಾರಿ ತಪ್ಪುತ್ತದೆ. ಆಗ ನಾನು ಚಿತ್ರ ಬಿಟ್ಟು ಮನುಷ್ಯರನ್ನು ಕೇಳುತ್ತೇನೆ.

ಫೈಲ್ ಯಾವಾಗ ಬದಲಾಯಿತು ಅನ್ನುವುದಂತೂ ಅಲ್ಲಿ ಇರುವುದೇ ಇಲ್ಲ. ಈ ಪ್ರಕರಣದಲ್ಲಿ 14ಕ್ಕೆ ಮುಂಚೆ ಫೈಲ್ ತಿದ್ದಿದ್ದಳು ಅಂತ ನನಗೆ ಗೊತ್ತಾಗಿದ್ದು ಅವಳು ಹೇಳಿದ್ದರಿಂದ. 17ನೇ ರನ್ ಅದನ್ನು ಖಚಿತ ಮಾಡಿತು.

ನೋಟ್‌ಬುಕ್‌ನಲ್ಲೂ ಒಂದು ಬದಲಾವಣೆ ಮಾಡಿದಳು. ಮೊತ್ತ ಹಾಕುವ ಸಾಲನ್ನೂ ತೋರಿಸುವ ಸಾಲನ್ನೂ ಒಂದೇ ಸೆಲ್‌ಗೆ ತಂದಳು. ಈಗ ಮೊತ್ತ ಹಾಕದೆ ತೋರಿಸಲು ಬರುವುದಿಲ್ಲ. ಮುಂದೆ ಯಾವತ್ತಾದರೂ ಫೈಲ್ ಮತ್ತೆ ಓದಿ, ಮಧ್ಯದ ಸೆಲ್ ಬಿಟ್ಟು ನೇರ ಕೊನೆಗೆ ಹೋದರೆ ಹಳೆಯ ಸಂಖ್ಯೆ ಬರುವ ಬದಲು `KeyError: 'mm'` ಬರುತ್ತದೆ. ಸುಮ್ಮನೆ ತಪ್ಪು ಉತ್ತರ ಕೊಡುವುದಕ್ಕಿಂತ ಎರರ್ ಬಂದು ನಿಲ್ಲುವುದು ಎಷ್ಟೋ ವಾಸಿ. 61 ಸಾಲಿನ ಫೈಲ್‌ಗೆ ಪ್ರತಿ ಸಲ ಎಲ್ಲಾ ರನ್ ಮಾಡಿದರೂ ಕಣ್ಣು ಮಿಟುಕಿಸುವಷ್ಟು ಹೊತ್ತು. ಒಂದು ಸೆಲ್‌ಗೇ ಅರ್ಧ ಗಂಟೆ ಬೇಕಾಗುವ ನೋಟ್‌ಬುಕ್‌ಗಳಲ್ಲಿ ಆ ಸೌಕರ್ಯ ಇರುವುದಿಲ್ಲ. ಅಲ್ಲಿ ಈ ರೀತಿ ಸೆಲ್‌ಗಳನ್ನು ಸೇರಿಸುವುದು ಇನ್ನೂ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಮುಂದಿನ ಭಾನುವಾರ ಬಂದಾಗ ಮಳೆ ಪುಸ್ತಕವನ್ನೂ ತಂದಿದ್ದಳು. ಮೊತ್ತದ ಪಕ್ಕ ಪೆನ್ಸಿಲ್ ಗುರುತು ರಬ್ಬರ್‌ನಿಂದ ಉಜ್ಜಿದ ಜಾಗ ಸ್ವಲ್ಪ ಮಸುಕಾಗಿತ್ತು. ರೈಟರ್ ಬರೆದ 4 ಇಂಚು 20 ಸೆಂಟ್ ಹಾಗೇ ಇತ್ತು.